ಫಾರ್ವರ್ಡ್ ಮಾಡಿಸಿದರೂ ಲಾಭ ಕರಗಿದ್ದೇಕೆ: ಕುಮಟಾದ ಗೇರುಬೀಜ ಕಾರ್ಖಾನೆಯ ಡಾಲರ್ ಲೆಕ್ಕ

ಪ್ರಶ್ನೆ: ಸರ್, ಕುಮಟಾದಲ್ಲಿ ನಮ್ಮದು ಗೇರುಬೀಜ ಸಂಸ್ಕರಣೆಯ ಪ್ರೈವೇಟ್ ಲಿಮಿಟೆಡ್ ಕಂಪನಿ. ಪಶ್ಚಿಮ ಆಫ್ರಿಕಾದಿಂದ ವರ್ಷಕ್ಕೆ ಸುಮಾರು 400 ಟನ್ ಕಚ್ಚಾ ಬೀಜವನ್ನು ಡಾಲರ್ ದರದಲ್ಲಿ ತರಿಸುತ್ತೇವೆ. ಗೋಡಂಬಿಯಲ್ಲಿ ಐದರಲ್ಲಿ ಎರಡು ಪಾಲು ರಫ್ತಾಗುತ್ತದೆ, ಉಳಿದದ್ದು ದೇಶದೊಳಗೇ ಮಾರಾಟ. ದುಬೈನಲ್ಲಿ ನಮ್ಮದೇ ಒಂದು ಸಣ್ಣ ಮಾರಾಟ ಕಂಪನಿ ಇದೆ. ಕಳೆದ ವರ್ಷ ಆಮದು ಮತ್ತು ರಫ್ತಿನ ಬಿಲ್ಲುಗಳೆರಡಕ್ಕೂ ತಪ್ಪದೆ ಫಾರ್ವರ್ಡ್ ಮಾಡಿಸಿ, ಮುಂದಿನ ಡಾಲರ್ ದರವನ್ನು ಬ್ಯಾಂಕಿನೊಂದಿಗೆ ಮೊದಲೇ ನಿಗದಿ ಮಾಡಿಕೊಂಡಿದ್ದೆವು. ಆದರೂ ಡಾಲರ್ ಏರಿದಂತೆ ನಮ್ಮ ಲಾಭ ಕರಗಿತು. ಆಡಿಟರು ಮಾತ್ರ ದುಬೈ ಕಂಪನಿಯ ಲೆಕ್ಕ ಸೇರಿಸಿ ಹತ್ತು ಲಕ್ಷಕ್ಕೂ ಮೀರಿ ವಿನಿಮಯ ಲಾಭ ತೋರಿಸಿದ್ದಾರೆ, ಆ ಹಣ ನಮಗೆಲ್ಲೂ ಬಂದಿಲ್ಲ. ಬ್ಯಾಂಕಿನವರು ದರದ ಏರಿಳಿತದಿಂದ ಕಾಪಾಡಿಕೊಳ್ಳಲು ದುಬೈ ಹೂಡಿಕೆಗೂ ಹೆಡ್ಜ್ ಮಾಡಿಸಿ ಎನ್ನುತ್ತಿದ್ದಾರೆ. ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ ಎನ್ನುತ್ತಾರಲ್ಲ, ನಮಗೇಕೆ ಆಗಲಿಲ್ಲ?

ಉತ್ತರ: ದುಬೈ ಹೂಡಿಕೆಗೆ ಸದ್ಯಕ್ಕೆ ಹೆಡ್ಜ್ ಮಾಡಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ಕೇಳಿದ ವಿಷಯಗಳಲ್ಲಿ ಬೇಗ ಸಹಿ ಹಾಕಿಸಿಕೊಳ್ಳುವಂಥದ್ದು ಇದೊಂದೇ, ಮತ್ತು ಸಹಿ ಹಾಕಿದ ಮೇಲೆ ಹಿಂದೆ ಸರಿಯುವುದಕ್ಕೆ ದುಡ್ಡು ಬೇಕಾಗುತ್ತದೆ. ನಿಮ್ಮ ಲಾಭ ಕರಗಿದ್ದು ದುಬೈ ಕಂಪನಿಯಿಂದಲ್ಲ, ನೀವು ಫಾರ್ವರ್ಡ್ ಮಾಡಿಸಿದ ಬಿಲ್ಲುಗಳಿಂದಲೂ ಅಲ್ಲ. ವಿನಿಮಯ ದರ ಒಂದು ಕಂಪನಿಯನ್ನು ಮೂರು ಬೇರೆ ಬೇರೆ ಕಡೆಯಿಂದ ತಟ್ಟುತ್ತದೆ: ದರ ನಿಗದಿಯಾಗಿ ಇನ್ನೂ ಹಣ ಕೈಬದಲಾಗದ ವ್ಯವಹಾರದಲ್ಲಿ, ವಿದೇಶದ ಲೆಕ್ಕವನ್ನು ರೂಪಾಯಿಗೆ ಪರಿವರ್ತಿಸಿ ಬರೆಯುವ ಪುಸ್ತಕದಲ್ಲಿ, ಮತ್ತು ಇನ್ನೂ ಒಪ್ಪಂದವೇ ಆಗದ ಮುಂದಿನ ಕೊಳ್ಳುವಿಕೆ, ಮಾರಾಟಗಳ ಅಂತರದಲ್ಲಿ. ಇವನ್ನೇ ಟ್ರಾನ್ಸಾಕ್ಷನ್, ಟ್ರಾನ್ಸ್‌ಲೇಶನ್, ಎಕನಾಮಿಕ್ ಎಕ್ಸ್‌ಪೋಶರ್ ಎಂದು ಕರೆಯುವುದು. ನೀವು ಮೊದಲನೆಯದಕ್ಕೆ ಔಷಧ ಮಾಡಿದ್ದೀರಿ, ಬ್ಯಾಂಕಿನವರು ಎರಡನೆಯದಕ್ಕೆ ಮಾಡಿ ಎನ್ನುತ್ತಿದ್ದಾರೆ, ನೋವಿರುವುದು ಮೂರನೆಯದರಲ್ಲಿ.

ಮೊದಲು ನೀವು ಮಾಡಿಸಿದ ಫಾರ್ವರ್ಡ್ ಏನನ್ನು ಕಾಪಾಡಿತು ಎಂಬುದನ್ನು ನೋಡೋಣ. ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತೇನೆ, ನಿಮ್ಮ ಪುಸ್ತಕದ ಅಂಕಿಗಳನ್ನು ಆಮೇಲೆ ನೀವೇ ತುಂಬಿಕೊಳ್ಳಬಹುದು. ಟನ್ನಿಗೆ 1,500 ಡಾಲರಿನಂತೆ 100 ಟನ್ ಕಚ್ಚಾ ಬೀಜ, ಅಂದರೆ 1,50,000 ಡಾಲರಿನ ಒಂದು ಕನ್ಸೈನ್‌ಮೆಂಟ್ ಮಂಗಳೂರು ಬಂದರಿಗೆ ಬರುತ್ತದೆ, ಬಿಲ್ಲು 90 ದಿನಗಳ ಎಲ್‌ಸಿಯದು, ಅಂದರೆ ಬ್ಯಾಂಕಿನ ಖಾತರಿಯ ಮೇಲೆ 90 ದಿನ ಬಿಟ್ಟು ಹಣ ಕಟ್ಟುವಂಥದ್ದು ಎಂದಿಟ್ಟುಕೊಳ್ಳಿ. ಬಿಲ್ಲಿನ ದಿನ ಡಾಲರಿಗೆ 84 ರೂಪಾಯಿ, ಹಣ ಕಟ್ಟುವ ದಿನ 86.40. ಏನೂ ಮಾಡಿಸದೆ ಇದ್ದಿದ್ದರೆ ಹೆಚ್ಚುವರಿಯಾಗಿ 3,60,000 ರೂಪಾಯಿ ಕಟ್ಟಬೇಕಾಗುತ್ತಿತ್ತು. ಮೂರು ತಿಂಗಳ ಪ್ರೀಮಿಯಂ ಮತ್ತು ಬ್ಯಾಂಕಿನ ಮಾರ್ಜಿನ್ ಸೇರಿ 50 ಪೈಸೆ ಎಂದಾದರೆ, 84.50ಕ್ಕೆ ಫಾರ್ವರ್ಡ್ ಮಾಡಿಸಿದ ನೀವು 75,000 ರೂಪಾಯಿಯಲ್ಲಿ ಪಾರಾದಿರಿ. ಒಂದು ವೇಳೆ ಡಾಲರ್ 83.20ಕ್ಕೆ ಇಳಿದಿದ್ದರೂ ನೀವು 84.50ನ್ನೇ ಕೊಡಬೇಕಿತ್ತು. ಆಗ ಅದನ್ನು ನಷ್ಟ ಎಂದು ಬರೆದುಕೊಂಡು ಬೇಸರಿಸುವವರು ನಮ್ಮ ಕಡೆ ಬಹಳ. ಅದು ನಷ್ಟವಲ್ಲ, ಬೀಜ ಕೊಳ್ಳುವಾಗಲೇ ನೀವು ಒಪ್ಪಿಕೊಂಡ ಬೆಲೆ. ಆ ಪ್ರೀಮಿಯಂ ಕೂಡ ಡಾಲರ್ ಎಷ್ಟು ಏರಬಹುದು ಎಂಬ ಬ್ಯಾಂಕಿನ ಊಹೆಯಲ್ಲ. ರೂಪಾಯಿ ಮತ್ತು ಡಾಲರಿನ ಬಡ್ಡಿದರಗಳ ನಡುವಿನ ಅಂತರವೇ ಬಹುಮಟ್ಟಿಗೆ ಅದನ್ನು ನಿರ್ಧರಿಸುತ್ತದೆ.

ಇಲ್ಲಿ ನಾನು ಹಲವು ಕಾರ್ಖಾನೆಗಳ ಪುಸ್ತಕದಲ್ಲಿ ಕಂಡಿರುವ ಎರಡು ತೂತುಗಳಿವೆ. ಮೊದಲನೆಯದು, ಫಾರ್ವರ್ಡ್ ಮಾಡಿಸುವುದು ಬಿಲ್ಲು ಬಂದ ಮೇಲೆ. ಆದರೆ ಡಾಲರ್ ಬೆಲೆ ನಿಮ್ಮನ್ನು ಕಟ್ಟಿಹಾಕುವುದು ಖರೀದಿ ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದ. ಒಪ್ಪಂದವಾಗಿ, ಸರಕು ಹಡಗು ಏರಿ, ಕಾಗದಪತ್ರ ಕೈಗೆ ಬರುವಷ್ಟರಲ್ಲಿ ಕೆಲವು ವಾರಗಳು ಹೋಗಿರುತ್ತವೆ, ಪಶ್ಚಿಮ ಆಫ್ರಿಕಾದ ಸುಗ್ಗಿಯಲ್ಲಿ ಬಂದರಿನ ದಟ್ಟಣೆಯಾದರೆ ಇನ್ನೂ ಹೆಚ್ಚು. ಲೆಕ್ಕದ ಪುಸ್ತಕ ಆ ವಾರಗಳನ್ನು ನೋಡುವುದೇ ಇಲ್ಲ, ಏಕೆಂದರೆ ಆಗ ಬಿಲ್ಲೇ ಹುಟ್ಟಿರುವುದಿಲ್ಲ. ನಿಮ್ಮಲ್ಲಿ ಹೀಗಾಗಿದೆಯೇ ಎಂದು ತಿಳಿಯಲು, ಕಳೆದ ವರ್ಷದ ಪ್ರತಿ ಖರೀದಿ ಒಪ್ಪಂದದ ತಾರೀಖನ್ನೂ ಅದರ ಫಾರ್ವರ್ಡ್ ಬುಕ್ ಮಾಡಿದ ತಾರೀಖನ್ನೂ ಅಕ್ಕಪಕ್ಕ ಬರೆದು, ಆ ಎರಡು ದಿನಗಳ ಡಾಲರ್ ದರದ ವ್ಯತ್ಯಾಸವನ್ನು ಬಿಲ್ಲಿನ ಮೊತ್ತದಿಂದ ಗುಣಿಸಿ ನೋಡಿ. ಎರಡನೆಯದು, ಪೂರ್ತಿ ಮೊತ್ತಕ್ಕೆ ಫಾರ್ವರ್ಡ್ ಮಾಡಿಸುವುದು. 80 ಕಿಲೋ ಚೀಲಕ್ಕೆ 48 ಪೌಂಡ್ ತಿರುಳು ಎಂದು ಒಪ್ಪಂದವಾಗಿ, ಇಲ್ಲಿ ಕೊಯ್ದು ನೋಡಿದಾಗ 45 ಬಂದರೆ ಕ್ಲೇಮ್ ಹಾಕಿ ಬಿಲ್ಲಿನ ಮೊತ್ತ ಇಳಿಸಿಕೊಳ್ಳುತ್ತೀರಿ. ಆಗ ಫಾರ್ವರ್ಡ್‌ನಲ್ಲಿ ಉಳಿದ ಡಾಲರುಗಳನ್ನು ಅಂದಿನ ದರದಲ್ಲಿ ರದ್ದು ಮಾಡಬೇಕು, ದರ ಇಳಿದಿದ್ದರೆ ಆ ವ್ಯತ್ಯಾಸ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಗುಣಮಟ್ಟದ ತಕರಾರು ಬರುವ ಸರಕಿಗೆ ಬಿಲ್ಲಿನ ಹತ್ತರಲ್ಲಿ ಎಂಟು ಅಥವಾ ಒಂಬತ್ತು ಪಾಲಿಗೆ ಮಾಡಿಸಿದರೆ ಸಾಕು.

ಆಮದಿಗೂ ರಫ್ತಿಗೂ ಬೇರೆ ಬೇರೆಯಾಗಿ ಫಾರ್ವರ್ಡ್ ಮಾಡಿಸಿದ್ದು ನನಗೆ ಅಷ್ಟು ಸರಿಕಾಣಲಿಲ್ಲ. ನೀವು ಒಂದು ಕೈಯಲ್ಲಿ ಡಾಲರ್ ಕೊಳ್ಳುವ ಒಪ್ಪಂದವನ್ನೂ ಇನ್ನೊಂದು ಕೈಯಲ್ಲಿ ಡಾಲರ್ ಮಾರುವ ಒಪ್ಪಂದವನ್ನೂ ಒಂದೇ ಬ್ಯಾಂಕಿನೊಂದಿಗೆ ಮಾಡಿ, ಎರಡೂ ಕಡೆ ಮಾರ್ಜಿನ್ ಕೊಟ್ಟಿದ್ದೀರಿ. ರಫ್ತಿನ ಡಾಲರುಗಳನ್ನು ಇಇಎಫ್‌ಸಿ ಖಾತೆಯಲ್ಲಿ ಇಟ್ಟುಕೊಂಡು ಅದರಿಂದಲೇ ಬೀಜದ ಬಿಲ್ಲು ಕಟ್ಟಬಹುದು. ಈ ಖಾತೆಗೆ ಬಡ್ಡಿಯಿಲ್ಲ, ಒಂದು ತಿಂಗಳಲ್ಲಿ ಜಮೆಯಾದ ಡಾಲರುಗಳನ್ನು ಮುಂದಿನ ತಿಂಗಳ ಕೊನೆಯೊಳಗೆ ಬಳಸಬೇಕು ಇಲ್ಲವೇ ರೂಪಾಯಿಗೆ ಬದಲಿಸಬೇಕು. ಹೀಗಾಗಿ ತಾರೀಖುಗಳು ಹತ್ತಿರ ಬರುವ ಬಿಲ್ಲುಗಳಿಗೆ ಮಾತ್ರ ಇದು ಹೊಂದುತ್ತದೆ. ಹೊಂದುವಷ್ಟನ್ನು ಹೀಗೆ ಮುಗಿಸಿ, ಉಳಿದ ನಿವ್ವಳ ಡಾಲರಿಗೆ ಮಾತ್ರ ಫಾರ್ವರ್ಡ್ ಮಾಡಿಸಿ. ಬ್ಯಾಂಕು ನಿಮ್ಮಿಂದ ತೆಗೆದುಕೊಳ್ಳುವ ಮಾರ್ಜಿನ್ ಎಷ್ಟೆಂದು ತಿಳಿಯಲು, ಕ್ಲಿಯರಿಂಗ್ ಕಾರ್ಪೊರೇಷನ್ 2019ರಲ್ಲಿ ಆರಂಭಿಸಿದ ಎಫ್‌ಎಕ್ಸ್-ರಿಟೇಲ್ ವೇದಿಕೆಯಲ್ಲಿ ಹೆಸರು ನೋಂದಾಯಿಸಿ ದರ ಹೋಲಿಸಿ ನೋಡಬಹುದು.

ಈಗ ಆಡಿಟರು ತೋರಿಸಿದ ಲಾಭದ ವಿಷಯ. ದುಬೈ ಕಂಪನಿಯ ನಿವ್ವಳ ಆಸ್ತಿ, ಅಂದರೆ ಸಾಲಗಳನ್ನೆಲ್ಲ ಕಳೆದು ಉಳಿದದ್ದು, 10 ಲಕ್ಷ ದಿರ್ಹಮ್ ಎಂದಿಟ್ಟುಕೊಳ್ಳಿ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿದೆ, ಹಾಗಾಗಿ ದುಬೈ ಎಂದರೂ ನಿಮ್ಮ ಲೆಕ್ಕಕ್ಕೆ ಅದು ಡಾಲರೇ. ಡಾಲರ್ 84 ಇದ್ದಾಗ ದಿರ್ಹಮ್‌ಗೆ ಸುಮಾರು 22.87 ರೂಪಾಯಿ, 88 ಆದಾಗ 23.96. ಅದೇ 10 ಲಕ್ಷ ದಿರ್ಹಮ್ ಕಳೆದ ಮಾರ್ಚ್ 31ರಂದು 2.29 ಕೋಟಿ ರೂಪಾಯಿ ಎಂದು ಬರೆಯಲಾಗಿತ್ತು, ಈ ಮಾರ್ಚ್ 31ರಂದು ಸುಮಾರು 2.40 ಕೋಟಿ ಎಂದು ಬರೆಯಲಾಯಿತು. ನಡುವಿನ ಸುಮಾರು 10.9 ಲಕ್ಷವೇ ಟ್ರಾನ್ಸ್‌ಲೇಶನ್ ಲಾಭ. ದುಬೈ ಗೋದಾಮಿನಲ್ಲಿ ಒಂದು ಡಬ್ಬಿ ಗೋಡಂಬಿ ಹೆಚ್ಚಾಗಲಿಲ್ಲ, ಅಲ್ಲಿನ ಬ್ಯಾಂಕಿನಲ್ಲಿ ಒಂದು ದಿರ್ಹಮ್ ಕೂಡಲಿಲ್ಲ. ಅಂಗಸಂಸ್ಥೆ ಇರುವ ಕಂಪನಿ ಕ್ರೋಡೀಕೃತ ಲೆಕ್ಕಪತ್ರ ಮಾಡಲೇಬೇಕಾದ್ದರಿಂದ ಆಡಿಟರು ಅದನ್ನು ರೂಪಾಯಿಗೆ ತಂದರು, ಅಷ್ಟೇ. ಮುಂದಿನ ವರ್ಷ ರೂಪಾಯಿ ಬಲಗೊಂಡರೆ ಇದೇ ಮೊತ್ತ ನಷ್ಟವಾಗಿ ಕಾಣಿಸಿ, ಆಗಲೂ ನಿಮ್ಮ ಜೇಬಿನಿಂದ ಏನೂ ಹೋಗಿರುವುದಿಲ್ಲ.

ಬ್ಯಾಂಕಿನವರ ಸಲಹೆಯಂತೆ ಆ ನಿವ್ವಳ ಆಸ್ತಿಯ ಬೆಲೆಯ ಡಾಲರುಗಳನ್ನು, ಅಂದರೆ ಸುಮಾರು 2,72,000 ಡಾಲರನ್ನು, ಒಂದು ವರ್ಷದ ಫಾರ್ವರ್ಡ್‌ನಲ್ಲಿ ಮಾರಿದ್ದೀರಿ ಎಂದುಕೊಳ್ಳಿ. ಡಾಲರ್ 84ರಿಂದ 88ಕ್ಕೆ ಹೋದರೆ, ದುಬೈ ಆಸ್ತಿಯ ಬೆಲೆ ಪುಸ್ತಕದಲ್ಲಿ 10.9 ಲಕ್ಷ ಏರುತ್ತದೆ. ಇತ್ತ ಫಾರ್ವರ್ಡ್ ಮುಗಿದ ದಿನ, ಮಾರುವಾಗ ಸಿಕ್ಕ ಪ್ರೀಮಿಯಂ ಅನ್ನು ಕಳೆದ ಮೇಲೂ, ಕುಮಟಾದ ಚಾಲ್ತಿ ಖಾತೆಯಿಂದ ಲಕ್ಷಗಟ್ಟಲೆ ರೂಪಾಯಿ ನಗದಾಗಿ ಹೋಗುತ್ತದೆ, ಏಕೆಂದರೆ ಕೊಡಲು ನಿಮ್ಮಲ್ಲಿ ನಿಜವಾದ ಡಾಲರುಗಳಿಲ್ಲ, ದುಬೈ ಕಂಪನಿಯನ್ನು ನೀವು ಮಾರಿಲ್ಲ. ಪುಸ್ತಕದಲ್ಲಿ ಎರಡೂ ಸರಿಹೊಂದುತ್ತವೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೊಂದುವುದಿಲ್ಲ. ಅದೂ ಆ ಹಣ ಹೋಗುವುದು ರೂಪಾಯಿ ಬಿದ್ದು ಬೀಜದ ಬಿಲ್ಲುಗಳು ಏರಿರುವ ಹೊತ್ತಿನಲ್ಲೇ.

ಟ್ರಾನ್ಸ್‌ಲೇಶನ್ ಬರೀ ಕಾಗದದ ಮಾತು, ಅದನ್ನು ನೋಡಲೇಬೇಕಿಲ್ಲ ಎಂಬ ವಾದವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಕ್ರೋಡೀಕೃತ ನಿವ್ವಳ ಮೌಲ್ಯ ಇಂತಿಷ್ಟಕ್ಕಿಂತ ಇಳಿಯಬಾರದೆಂಬ ಷರತ್ತು ಹಾಕಿದ್ದರೆ, ಕಾಗದದ ನಷ್ಟವೂ ನಿಜವಾದ ಬಡ್ಡಿ ಏರಿಕೆಗೆ ಕಾರಣವಾದೀತು. ದುಬೈ ಕಂಪನಿ ಡಿವಿಡೆಂಡ್ ಘೋಷಿಸಿದರೆ ಆ ಮೊತ್ತ ಅಂದಿನಿಂದ ಬರಬೇಕಾದ ಹಣವಾಗುತ್ತದೆ, ಅದಕ್ಕೆ ಫಾರ್ವರ್ಡ್ ಮಾಡಿಸುವುದು ಸರಿ. ಕಂಪನಿಯನ್ನೇ ಮಾರುವ ಮಾತುಕತೆ ನಡೆದಿದ್ದರೂ ಹಾಗೆಯೇ. ಇವು ಯಾವುವೂ ಇಲ್ಲದೆ ಏರಿಳಿತವನ್ನು ಕಡಿಮೆ ಮಾಡಬೇಕೆನಿಸಿದರೆ, ದುಬೈ ಕಂಪನಿಗೆ ಬೇಕಾದ ದುಡಿಯುವ ಬಂಡವಾಳವನ್ನು ಇಲ್ಲಿಂದ ಕಳಿಸುವ ಬದಲು ಅಲ್ಲಿಯೇ ದಿರ್ಹಮ್ ಸಾಲವಾಗಿ ಎತ್ತುವುದು ಫಾರ್ವರ್ಡ್‌ಗಿಂತ ಮೇಲು. ಸಾಲ ಹೆಚ್ಚಿದಷ್ಟೂ ನಿವ್ವಳ ಆಸ್ತಿ ತಗ್ಗುತ್ತದೆ, ಸಾಲದ ಕಂತನ್ನು ದಿರ್ಹಮ್ ಗಳಿಕೆಯೇ ತೀರಿಸುತ್ತದೆ.

ಆಡಿಟರೊಡನೆ ಕುಳಿತು ಕೇಳಬೇಕಾದ ಪ್ರಶ್ನೆ ಒಂದಿದೆ. ನಿಮ್ಮಂಥ ಸಣ್ಣ ಖಾಸಗಿ ಕಂಪನಿಗೆ ಸಾಮಾನ್ಯವಾಗಿ ಅನ್ವಯಿಸುವ ಲೆಕ್ಕಪತ್ರ ಮಾನದಂಡ 11ರ ಪ್ರಕಾರ, ವಿದೇಶಿ ಘಟಕ ತನ್ನ ಕಾಲ ಮೇಲೆ ತಾನು ನಿಂತು ವ್ಯವಹಾರ ನಡೆಸುತ್ತಿದ್ದರೆ ಮಾತ್ರ ಈ ವ್ಯತ್ಯಾಸ ಫಾರಿನ್ ಕರೆನ್ಸಿ ಟ್ರಾನ್ಸ್‌ಲೇಶನ್ ರಿಸರ್ವ್‌ಗೆ ಹೋಗಿ ಕೂರುತ್ತದೆ, ಲಾಭನಷ್ಟದ ಪಟ್ಟಿಯನ್ನು ಮುಟ್ಟುವುದಿಲ್ಲ. ಅದು ಬರೀ ನೀವು ಕಳಿಸಿದ ಗೋಡಂಬಿಯನ್ನು ಮಾರಿ ಹಣವನ್ನು ನಿಮಗೆ ರವಾನಿಸುವ ಕೈಯಾಗಿದ್ದರೆ, ಅದರ ವ್ಯವಹಾರವನ್ನು ನಿಮ್ಮದೇ ಎಂಬಂತೆ ಬರೆಯಬೇಕು, ಆಗ ವ್ಯತ್ಯಾಸ ನೇರವಾಗಿ ಲಾಭನಷ್ಟಕ್ಕೆ ಬರುತ್ತದೆ. ನಿಮ್ಮ ದುಬೈ ಕಂಪನಿ ಬೇರೆಯವರ ಸರಕನ್ನೂ ಮಾರುತ್ತದೆಯೇ, ಅಲ್ಲಿಯೇ ಸಾಲ ಎತ್ತುತ್ತದೆಯೇ, ಬೆಲೆ ತಾನೇ ನಿರ್ಧರಿಸುತ್ತದೆಯೇ ಎಂಬುದರ ಮೇಲೆ ಈ ತೀರ್ಮಾನ ನಿಂತಿದೆ. ಜೊತೆಗೆ, ನೀವು ದುಬೈ ಕಂಪನಿಗೆ ಉದ್ದರಿಯಲ್ಲಿ ಕಳಿಸಿದ ಸರಕಿನ ಬಾಕಿಯನ್ನು ಮರೆಯಬೇಡಿ. ಕ್ರೋಡೀಕರಣದಲ್ಲಿ ಆ ಬಾಕಿ ಎರಡೂ ಕಡೆಯಿಂದ ಕತ್ತರಿಸಿ ಹೋಗುತ್ತದೆ, ಅದರ ಮೇಲಿನ ವಿನಿಮಯ ವ್ಯತ್ಯಾಸ ಮಾತ್ರ ಕತ್ತರಿಸಿ ಹೋಗುವುದಿಲ್ಲ. ಆ ಬಾಕಿ ಮೊದಲನೆಯ ಬಗೆಯದು, ಅದು ನಿಮ್ಮ ನಿವ್ವಳ ಡಾಲರ್ ಪಟ್ಟಿಯಲ್ಲಿ ಇರಲೇಬೇಕು.

ಇನ್ನು ಲಾಭ ಎಲ್ಲಿ ಹೋಯಿತೆಂದು ನೋಡೋಣ. ಒಂದು ಟನ್ ಕಚ್ಚಾ ಬೀಜದಿಂದ ತುಂಡು, ಬೇಳೆ ಎಲ್ಲ ಸೇರಿ 250 ಕಿಲೋ ಗೋಡಂಬಿ ಬರುತ್ತದೆಂದು ಹಿಡಿದರೆ, ಕಿಲೋ ಗೋಡಂಬಿಗೆ ಬೀಜದ ಖರ್ಚು 6 ಡಾಲರ್. ಒಡೆಯುವ, ಸಿಪ್ಪೆ ತೆಗೆಯುವ, ಗ್ರೇಡ್ ಮಾಡುವ ಕೂಲಿ, ಪ್ಯಾಕಿಂಗ್, ಬಡ್ಡಿ ಎಲ್ಲ ಸೇರಿ 75 ರೂಪಾಯಿ ಎನ್ನೋಣ. ಎಲ್ಲ ಗ್ರೇಡ್‌ಗಳ ಸರಾಸರಿಯಲ್ಲಿ ರಫ್ತಿಗೆ ಕಿಲೋಗೆ 7.25 ಡಾಲರ್, ದೇಶದೊಳಗೆ 620 ರೂಪಾಯಿ. ಡಾಲರ್ 84 ಇದ್ದಾಗ ನಿಮ್ಮ ಒಟ್ಟು ಖರ್ಚು 579 ರೂಪಾಯಿ, ರಫ್ತಿನಲ್ಲಿ ಉಳಿಯುವುದು 30 ರೂಪಾಯಿ, ದೇಶದೊಳಗಿನ ಮಾರಾಟದಲ್ಲಿ 41. ಡಾಲರ್ 88 ಆಯಿತು, ಬೇರೆ ಯಾವುದೂ ಬದಲಾಗಲಿಲ್ಲ ಎಂದಿಟ್ಟುಕೊಳ್ಳಿ. ಖರ್ಚು 603ಕ್ಕೆ ಏರುತ್ತದೆ. ರಫ್ತಿನಲ್ಲಿ ಕೈಗೆ ಬರುವುದು 638, ಉಳಿಯುವುದು 35. ದೇಶದೊಳಗೆ ಬರುವುದು ಅದೇ 620, ಉಳಿಯುವುದು 17.

ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ ಎಂಬ ಮಾತು ಸುಳ್ಳಲ್ಲ, ನಿಮ್ಮ ರಫ್ತಿನಲ್ಲಿ ಕಿಲೋಗೆ 5 ರೂಪಾಯಿ ಹೆಚ್ಚಾಗಿದೆ. ಆದರೆ ಅದು ನಿಮ್ಮ 400 ಟನ್ ಬೀಜದಿಂದ ಬರುವ 100 ಟನ್ ಗೋಡಂಬಿಯಲ್ಲಿ 40 ಟನ್ನಿನ ಮೇಲೆ ಮಾತ್ರ, ಅಂದರೆ 2 ಲಕ್ಷ. ದೇಶದೊಳಗಿನ 60 ಟನ್ನಿನ ಮೇಲೆ ಕಿಲೋಗೆ 24 ರೂಪಾಯಿ ಹೋಗಿದೆ, ಅಂದರೆ 14.4 ಲಕ್ಷ. ಇಡೀ ವರ್ಷದ ಬೀಜ 88ರ ದರದಲ್ಲೇ ಬಂದಿದ್ದರೆ ಒಟ್ಟು 12.4 ಲಕ್ಷ ಕರಗುತ್ತದೆ. ಇದನ್ನೇ ಇನ್ನೊಂದು ಕಡೆಯಿಂದ ತಾಳೆ ನೋಡಬಹುದು: ವರ್ಷಕ್ಕೆ ನೀವು ಕೊಳ್ಳುವುದು 6,00,000 ಡಾಲರ್, ಗಳಿಸುವುದು 2,90,000 ಡಾಲರ್, ಕೊರತೆ 3,10,000 ಡಾಲರ್. ಅದನ್ನು 4 ರೂಪಾಯಿಯಿಂದ ಗುಣಿಸಿದರೆ ಬರುವುದು ಅದೇ 12.4 ಲಕ್ಷ. ನಿಮ್ಮ ಲೆಟರ್‌ಹೆಡ್ಡಿನಲ್ಲಿ ರಫ್ತುದಾರರೆಂದು ಇರಬಹುದು, ಡಾಲರ್ ಕಣ್ಣಿನಲ್ಲಿ ನೀವು ಆಮದುದಾರರು.

ಹಾಗಾದರೆ ಫಾರ್ವರ್ಡ್ ಇದನ್ನು ಏಕೆ ತಡೆಯಲಿಲ್ಲ? ಏಪ್ರಿಲ್‌ನಲ್ಲಿ ಕೊಂಡ ಬೀಜಕ್ಕೆ 84.50 ಕಟ್ಟಿದಿರಿ. ಜುಲೈನಲ್ಲಿ ಕೊಳ್ಳುವಾಗ ಅಂದಿನ ದರವೇ 86, ಅದರ ಫಾರ್ವರ್ಡ್ 86.50. ಅಕ್ಟೋಬರಿನಲ್ಲಿ 88, ಅದರ ಫಾರ್ವರ್ಡ್ 88.50. ಪ್ರತಿ ಬಿಲ್ಲನ್ನೂ ಅದರ ಮೂರು ತಿಂಗಳ ಮಟ್ಟಿಗೆ ನೀವು ಚೆನ್ನಾಗಿಯೇ ಕಾಪಾಡಿಕೊಂಡಿದ್ದೀರಿ, ಆದರೆ ಮುಂದಿನ ಬಿಲ್ಲು ಹುಟ್ಟುವುದೇ ಹೊಸ ದರದಲ್ಲಿ. ಬಿಲ್ಲಿಗೆ ಬಿಲ್ಲು ಫಾರ್ವರ್ಡ್ ಮಾಡಿಸಿದ ಕಂಪನಿ ಖರ್ಚಿನ ಏರಿಕೆಯನ್ನು ಒಂದು ತ್ರೈಮಾಸಿಕ ಮುಂದೂಡುತ್ತದೆ, ತಡೆಯುವುದಿಲ್ಲ.

ರಫ್ತಿನ ಆ 5 ರೂಪಾಯಿಯೂ ಭದ್ರವಾದದ್ದಲ್ಲ. ದುಬೈ ಅಥವಾ ಜಪಾನಿನ ಖರೀದಿದಾರ ಡಬ್ಲ್ಯೂ-320 ಗ್ರೇಡಿನ ಗೋಡಂಬಿಗೆ ಪೌಂಡಿಗೆ ಎಷ್ಟು ಸೆಂಟ್ ಎಂದು ಭಾರತದ ದರವನ್ನೂ ವಿಯೆಟ್ನಾಂನ ದರವನ್ನೂ ಒಂದೇ ಪರದೆಯ ಮೇಲೆ ನೋಡುತ್ತಾನೆ. ರೂಪಾಯಿ ಬಿದ್ದದ್ದು ಅವನಿಗೂ ಗೊತ್ತು, ಪೌಂಡಿಗೆ ಎರಡೂವರೆ ಸೆಂಟ್ ಇಳಿಸಿ ಎಂದರೆ ನಿಮ್ಮ 5 ರೂಪಾಯಿ ಮುಗಿಯಿತು. ಗೋಡಂಬಿ ರಫ್ತಿನಲ್ಲಿ ಜಗತ್ತಿನಲ್ಲೇ ಮುಂದಿರುವ ವಿಯೆಟ್ನಾಂ ಕೂಡ ಬೀಜದ ಬಹುಪಾಲನ್ನು ಆಫ್ರಿಕಾ ಮತ್ತು ಕಾಂಬೋಡಿಯಾದಿಂದ ಡಾಲರ್ ಬೆಲೆಯಲ್ಲಿ ತರಿಸುತ್ತದೆ. ಆದ್ದರಿಂದ ಅವರಿಗೂ ನಿಮಗೂ ಇರುವ ಸ್ಪರ್ಧೆ ನಿಂತಿರುವುದು ಸಂಸ್ಕರಣೆಯ ಖರ್ಚಿನ ಮೇಲೆ, ಅದು ಅವರಿಗೆ ತಮ್ಮ ಕರೆನ್ಸಿಯಾದ ಡಾಂಗ್‌ನಲ್ಲಿ, ನಿಮಗೆ ರೂಪಾಯಿಯಲ್ಲಿ. ರೂಪಾಯಿಯ ಜೊತೆಗೆ ಡಾಂಗ್ ಕೂಡ ಅಷ್ಟೇ ಬಿದ್ದರೆ ನಿಮಗೆ ಯಾವ ಮೇಲುಗೈಯೂ ಇಲ್ಲ. ರೂಪಾಯಿ ನಿಂತಲ್ಲೇ ನಿಂತು ಡಾಂಗ್ ಮಾತ್ರ ಬಿದ್ದರೆ, ನಿಮ್ಮ ಯಾವ ಬಿಲ್ಲಿನಲ್ಲೂ ವಿನಿಮಯ ನಷ್ಟ ಕಾಣಿಸದೆಯೇ ಆರ್ಡರುಗಳು ಕಡಿಮೆಯಾಗುತ್ತವೆ. ಅಲ್ಲಿನ ಕೇಂದ್ರ ಬ್ಯಾಂಕು ಪ್ರತಿದಿನ ಒಂದು ಮಧ್ಯದರ ಪ್ರಕಟಿಸಿ, 2022ರ ಅಕ್ಟೋಬರಿನಿಂದ ಅದರ ಆಚೀಚೆ ಶೇ 5ರಷ್ಟು ಓಡಾಟಕ್ಕೆ ಅವಕಾಶ ಕೊಟ್ಟಿದೆ. ಡಾಲರ್-ರೂಪಾಯಿ ದರ ನೋಡುವಾಗ ಡಾಲರ್-ಡಾಂಗ್ ದರವನ್ನೂ ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ, ಖರ್ಚಿಲ್ಲದ ಕೆಲಸ.

ಈ ಮೂರನೆಯ ಬಗೆಯ ಪೆಟ್ಟಿಗೆ ಡಾಲರ್ ಬಿಲ್ಲೇ ಬೇಕಿಲ್ಲ. ಅಂಕೋಲಾ, ಹೊನ್ನಾವರದ ಗುಡ್ಡಗಳ ಬೀಜವನ್ನಷ್ಟೇ ಕೊಂಡು ರೂಪಾಯಿಯಲ್ಲೇ ಮಾರುವ ಕಾರ್ಖಾನೆಯನ್ನು ತೆಗೆದುಕೊಳ್ಳಿ. ಪ್ರತಿ ಬ್ಯಾಂಕೂ ಸಾಲಗಾರರಿಂದ ಹೆಡ್ಜ್ ಆಗದ ವಿದೇಶಿ ವಿನಿಮಯದ ಮಾಹಿತಿ ಕೇಳುತ್ತದಲ್ಲ, ಅದರಲ್ಲಿ ಅವರು ಸೊನ್ನೆ ಎಂದೇ ಬರೆಯುತ್ತಾರೆ, ತಪ್ಪಿಲ್ಲ. ಆದರೆ ಏಪ್ರಿಲ್‌ನಲ್ಲಿ ಊರಿನ ಬೀಜಕ್ಕೆ ಎಷ್ಟು ಕೊಡಬೇಕೆಂಬುದನ್ನು ಆಫ್ರಿಕಾದ ಬೀಜ ಮಂಗಳೂರಿಗೆ ಬಂದು ಬೀಳುವ ಬೆಲೆಯೇ ಎಳೆದೊಯ್ಯುತ್ತದೆ. ಡಾಲರ್ ಏರಿದರೆ ಊರಿನ ಬೀಜವೂ ಏರುತ್ತದೆ, ಬೆಳೆಗಾರನಿಗೆ ಒಳ್ಳೆಯದೇ. ಹಾಗಾಗಿ ಆಮದು ಬಿಟ್ಟು ಊರಿನ ಬೀಜಕ್ಕೆ ತಿರುಗಿದರೆ ಡಾಲರಿನ ಕಾಟ ತಪ್ಪುತ್ತದೆ ಎಂಬ ಸಲಹೆ ಯಾರಾದರೂ ಕೊಟ್ಟರೆ, ಅದರಿಂದ ತಪ್ಪುವುದು ಮೊದಲನೆಯ ಬಗೆಯದು ಮಾತ್ರ ಎಂದು ನೆನಪಿಡಿ. ಸಿರ್ಸಿಯ ಕಾಳುಮೆಣಸು ಬೆಳೆಗಾರರಿಗೂ, ಒಂದು ಡಾಲರನ್ನೂ ಮುಟ್ಟದೆ, ವಿಯೆಟ್ನಾಂನ ಬೆಲೆ ಇದೇ ರೀತಿ ತಟ್ಟುತ್ತದೆ.

ನಿಮ್ಮಲ್ಲಿ ಈ ಪೆಟ್ಟು ಎಷ್ಟು ದೊಡ್ಡದು, ಎಷ್ಟು ದಿನ ಇರುತ್ತದೆ ಎಂಬುದಕ್ಕೆ ನಿರ್ಣಾಯಕವಾದ ಪ್ರಶ್ನೆ ಒಂದೇ: ಡಾಲರ್ ಏರಿದ ಎಷ್ಟು ತಿಂಗಳಿಗೆ ದೇಶದೊಳಗಿನ ಗೋಡಂಬಿ ಬೆಲೆ ಅದನ್ನು ಹಿಡಿಯುತ್ತದೆ? ಮೇಲಿನ ಲೆಕ್ಕದಲ್ಲಿ ನಾನು 620 ರೂಪಾಯಿಯನ್ನು ಕದಲಿಸಲಿಲ್ಲ, ವಾಸ್ತವದಲ್ಲಿ ಅದು ನಿಧಾನವಾಗಿ ಕದಲುತ್ತದೆ. ಹೊರಗಿನ ಗೋಡಂಬಿ ಅಗ್ಗವಾಗಿ ಬಂದು ಬೆಲೆ ಮುರಿಯುವುದನ್ನು 2019ರಲ್ಲಿ ಶೇ 70ಕ್ಕೆ ಏರಿಸಿದ ಆಮದು ಸುಂಕ ಬಹುಮಟ್ಟಿಗೆ ತಡೆದಿದೆ. ಆದ್ದರಿಂದ ಎಲ್ಲ ಕಾರ್ಖಾನೆಗಳ ಬೀಜದ ಖರ್ಚೂ ಏರಿದರೆ, ಬೆಲೆ ಕೊನೆಗೆ ಏರಲೇಬೇಕು. ಗಣೇಶ ಚೌತಿಯಿಂದ ದೀಪಾವಳಿಯವರೆಗಿನ ಬೇಡಿಕೆಯಲ್ಲಿ ಬೇಗ ಏರುತ್ತದೆ, ಆಮೇಲಿನ ತಿಂಗಳುಗಳಲ್ಲಿ ಹಳೆಯ ಅಗ್ಗದ ದಾಸ್ತಾನು ಇರುವವನು ಏರಲು ಬಿಡುವುದಿಲ್ಲ. ಕಳೆದ ಎರಡು ವರ್ಷಗಳ ಪ್ರತಿ ತಿಂಗಳ ಸರಾಸರಿ ಡಾಲರ್ ದರ, ಬೀಜದ ಡಾಲರ್ ಬೆಲೆ, ದೇಶದೊಳಗಿನ ನಿಮ್ಮ ಸರಾಸರಿ ಮಾರಾಟ ಬೆಲೆ, ಈ ಮೂರನ್ನು ಸಾಲಾಗಿ ಬರೆಯಿರಿ. ಆಮೇಲೆ ಬೀಜದ ಡಾಲರ್ ಬೆಲೆಯನ್ನು ಮೊದಲ ತಿಂಗಳಿನದ್ದಕ್ಕೇ ನಿಲ್ಲಿಸಿ ಖರ್ಚನ್ನು ಮತ್ತೊಮ್ಮೆ ಲೆಕ್ಕ ಹಾಕಿ. ಇದು ಅಗತ್ಯ, ಏಕೆಂದರೆ ಆಫ್ರಿಕಾದ ಬೆಳೆ ಕೈಕೊಟ್ಟ ವರ್ಷ ಬೀಜದ ಬೆಲೆ ಡಾಲರಿನಲ್ಲೇ ರೂಪಾಯಿಯ ಕುಸಿತಕ್ಕಿಂತ ಹಲವು ಪಟ್ಟು ಏರುತ್ತದೆ, ಆ ತಪ್ಪನ್ನೂ ವಿನಿಮಯ ದರದ ತಲೆಗೆ ಕಟ್ಟಿದರೆ ತಪ್ಪು ಔಷಧ ಮಾಡಿದಂತಾಗುತ್ತದೆ. ಒಂದೊಂದು ಡಾಲರ್ ಏರಿಕೆಯ ನಂತರ ನಿಮ್ಮ ಅಂತರ ಹಳೆಯ ಮಟ್ಟಕ್ಕೆ ಮರಳಲು ಸರಾಸರಿ ನಾಲ್ಕು ತಿಂಗಳು ಹಿಡಿದಿದೆ ಎಂದು ಕಂಡರೆ, ನಿಮ್ಮ ಅಪಾಯದ ಉದ್ದ ನಾಲ್ಕು ತಿಂಗಳು.

ಫಾರ್ವರ್ಡ್‌ನ ಅವಧಿಯನ್ನೂ ಆ ಉದ್ದಕ್ಕೇ ಹೊಂದಿಸಬೇಕು. ಒಪ್ಪಂದವಾಗದ ಮುಂದಿನ ಆಮದಿಗೂ, ನಿರೀಕ್ಷಿತ ವ್ಯವಹಾರವೆಂದು, ರಿಸರ್ವ್ ಬ್ಯಾಂಕಿನ ಈಗಿನ ನಿಯಮಗಳು ಹೆಡ್ಜ್ ಮಾಡಲು ಬಿಡುತ್ತವೆ. ನಿಮ್ಮ ನಿವ್ವಳ ಕೊರತೆ ತಿಂಗಳಿಗೆ ಸುಮಾರು 26,000 ಡಾಲರ್, ಹತ್ತಿರದ ತಿಂಗಳುಗಳ ಮುಕ್ಕಾಲು ಪಾಲಿಗೆ, ನಾಲ್ಕನೆಯ ತಿಂಗಳ ಕಾಲು ಪಾಲಿಗೆ ಹೀಗೆ ಇಳಿಯುತ್ತ ಹೋಗುವಂತೆ ಪದರಪದರವಾಗಿ ಮಾಡಿಸಿ, ತಿಂಗಳಿಗೊಮ್ಮೆ ತುಂಬುತ್ತ ಹೋಗಬಹುದು. ಇಡೀ ವರ್ಷಕ್ಕೆ ಒಂದೇ ಸಲ ಕಟ್ಟಿಹಾಕಿದರೆ ಹೆಚ್ಚು ಭದ್ರವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ನೀವು 88.50ಕ್ಕೆ ವರ್ಷದ ಡಾಲರ್ ಕಟ್ಟಿಟ್ಟ ಮೇಲೆ ಡಾಲರ್ 85ಕ್ಕೆ ಇಳಿದರೆ, ಏನೂ ಮಾಡಿಸದ ಪಕ್ಕದ ಕಾರ್ಖಾನೆಯವರು ಅಗ್ಗದ ಬೀಜದಿಂದ ಬೆಲೆ ಇಳಿಸುತ್ತಾರೆ, ನೀವು ಕಿಲೋಗೆ 21 ರೂಪಾಯಿ ಹೆಚ್ಚಿನ ಖರ್ಚಿನಲ್ಲಿ ಅವರೊಡನೆ ಮಾರಬೇಕಾಗುತ್ತದೆ. ದೇಶದೊಳಗಿನ ಬೆಲೆ ಇಂದಿನ ಡಾಲರನ್ನು ನಿಧಾನವಾಗಿಯಾದರೂ ಹಿಂಬಾಲಿಸುವ ವ್ಯಾಪಾರದಲ್ಲಿ, ಅಗತ್ಯಕ್ಕಿಂತ ಉದ್ದದ ಹೆಡ್ಜ್ ತಾನೇ ಒಂದು ಅಪಾಯ. ನಿರೀಕ್ಷಿತ ವ್ಯವಹಾರದ ಫಾರ್ವರ್ಡ್‌ಗೆ ಇನ್ನೂ ಒಂದು ಬಿಗಿಯಿದೆ: ಅದರಲ್ಲಿ ಬಂದ ನಿವ್ವಳ ಲಾಭವನ್ನು ಬ್ಯಾಂಕು ಆಮದು ನಿಜವಾಗಿ ನಡೆದಾಗ ಮಾತ್ರ ನಿಮಗೆ ಬಿಟ್ಟುಕೊಡುತ್ತದೆ, ನಷ್ಟಕ್ಕೆ ಅಂಥ ಕಾಯುವಿಕೆ ಇಲ್ಲ. ಸುಗ್ಗಿ ಕೆಟ್ಟು ಬೀಜ ತರಿಸದೇ ಹೋದರೆ ಇದು ನೋಯಿಸುತ್ತದೆ.

ಪ್ರೀಮಿಯಂ ಕಟ್ಟಿ ಆಪ್ಶನ್, ಅಂದರೆ ನಿಗದಿತ ದರದಲ್ಲಿ ಡಾಲರ್ ಕೊಳ್ಳುವ, ಬೇಡವೆನಿಸಿದರೆ ಬಿಡುವ ಹಕ್ಕನ್ನು ಕೊಂಡರೆ ಡಾಲರ್ ಇಳಿದ ಲಾಭ ಕೈತಪ್ಪುವುದಿಲ್ಲ, ಆದರೆ ಕಿಲೋಗೆ 17 ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಅದರ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಖರ್ಚೇ ಇಲ್ಲದ ಆಪ್ಶನ್ ಎಂದು ಯಾರಾದರೂ ತೋರಿಸಿದರೆ, ನೀವು ಇನ್ನೊಂದು ಕಡೆ ಏನನ್ನು ಮಾರಿದ್ದೀರಿ ಎಂಬುದನ್ನು ಲಿಖಿತವಾಗಿ ಕೇಳಿ. 2008ರಲ್ಲಿ ತಿರುಪ್ಪೂರಿನ ಎಷ್ಟೋ ಹೊಸೈರಿ ರಫ್ತುದಾರರು ಅಂಥ ಒಪ್ಪಂದಗಳಲ್ಲಿ ತಮ್ಮ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಕರೆನ್ಸಿಗಳ ಏರಿಳಿತಕ್ಕೆ ಸಿಕ್ಕಿ ಕೋರ್ಟು ಹತ್ತಿದ್ದರು.

ಹಣಕಾಸಿನ ಒಪ್ಪಂದಗಳಿಗಿಂತ ವ್ಯಾಪಾರದ ಒಪ್ಪಂದಗಳಲ್ಲಿ ಹೆಚ್ಚು ಕೆಲಸವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊರತೆ ಸೊನ್ನೆಯಾಗಬೇಕೆಂದರೆ ನೂರರಲ್ಲಿ ಸುಮಾರು 83 ಟನ್ ರಫ್ತು ಮಾಡಬೇಕಾಗುತ್ತದೆ, ದೇಶದೊಳಗೆ ಒಳ್ಳೆಯ ಬೆಲೆ ಸಿಗುವಾಗ ಅದನ್ನು ನಾನು ಹೇಳಲಾರೆ. ಆದರೆ ದೇಶದೊಳಗಿನ ನಿಮ್ಮ ದೊಡ್ಡ ಖರೀದಿದಾರರಿಗೆ, ಮಿಠಾಯಿ ತಯಾರಕರಿರಲಿ ಬಿಸ್ಕತ್ ಕಂಪನಿಯವರಿರಲಿ, ಮೂರು ತಿಂಗಳ ಬೆಲೆಯನ್ನು ಬರೆದುಕೊಡುವಾಗ ಡಾಲರ್ ಇಂತಿಷ್ಟರಿಂದ 2 ರೂಪಾಯಿಗಿಂತ ಹೆಚ್ಚು ಏರಿದರೆ ಅಥವಾ ಇಳಿದರೆ, ಮೀರಿದ ಪ್ರತಿ ರೂಪಾಯಿಗೆ ಕಿಲೋಗೆ 6 ರೂಪಾಯಿ ಸೇರಿಸುವ ಅಥವಾ ಕಳೆಯುವ ಒಂದು ಸಾಲನ್ನು ಹಾಕಬಹುದು. ಆ 6 ಎಂಬುದು ನಿಮ್ಮ ಕಿಲೋ ಗೋಡಂಬಿಯ ಬೀಜದ ಡಾಲರ್ ಖರ್ಚು. ಇಳಿಕೆಯನ್ನೂ ಬಿಟ್ಟುಕೊಟ್ಟರೆ ಮಾತ್ರ ಅವರು ಒಪ್ಪುತ್ತಾರೆ, ಬಿಡಿ ವ್ಯಾಪಾರಿಗಳು ಆಗಲೂ ಒಪ್ಪುವುದಿಲ್ಲ. 60 ಟನ್ನಿನಲ್ಲಿ 20 ಟನ್ನಿಗೆ ಇಂಥ ಸಾಲು ಸೇರಿದರೂ, 2 ರೂಪಾಯಿಯ ಮೇಲಿನ ಏರಿಕೆಗೆ ನಿಮ್ಮ ವರ್ಷದ ಕೊರತೆ 3,10,000 ಡಾಲರಿನಿಂದ 1,90,000ಕ್ಕೆ ಇಳಿಯುತ್ತದೆ, ಬ್ಯಾಂಕಿಗೆ ಒಂದು ಪೈಸೆ ಮಾರ್ಜಿನ್ ಕೊಡದೆ. ಆ ಒಪ್ಪಂದಗಳು ಎಷ್ಟು ಟನ್ನಿಗೆ ಆದವೆಂದು ತಿಳಿದ ಮೇಲೆ ಉಳಿದ ಡಾಲರಿಗಷ್ಟೇ ಫಾರ್ವರ್ಡ್‌ನ ಪದರಗಳನ್ನು ಲೆಕ್ಕ ಹಾಕಿ, ಅದಕ್ಕೆ ಮೊದಲು ಬೇಡ.